ಕಿವಿಯ ತುರಿಕೆ: ಇಸಬೋ, ಬೂಷ್ಟೋ, ಅಲರ್ಜಿಯೋ?

ನಾಗಪುರದಲ್ಲಿ ಮೃಗಶಿರಾ ಮಳೆ ಬಿದ್ದು, ನಲವತ್ತೈದು ಡಿಗ್ರಿಯ ಬಿಸಿಲಿನಲ್ಲಿ ಕಾದ ನೆಲ ತಣಿಯುತ್ತಲೇ ಕಿವಿ-ಮೂಗು-ಗಂಟಲು ತಜ್ಞರ ದವಾಖಾನೆಗಳಲ್ಲಿ ಒಂದು ಬಗೆಯ ರೋಗಿಗಳ ಸಂಖ್ಯೆ ಏರತೊಡಗುತ್ತದೆ. ಅವರಿಗೆ ಜ್ವರವಿಲ್ಲ, ಹೇಳಿಕೊಳ್ಳುವಂತಹ ನೋವೂ ಇಲ್ಲ. ಕಿರುಬೆರಳು ಮಾತ್ರ ಕ್ಷಣಕ್ಕೊಮ್ಮೆ ಕಿವಿಯ ಕಡೆಗೆ ಹೋಗುತ್ತಿರುತ್ತದೆ. “ಕಾನಾತ್ ಖಾಜ್ ಯೇತೆ” ಎಂದು ಮರಾಠಿಯಲ್ಲಿಯೂ “ಕಾನ್ ಮೇ ಖುಜಲೀ” ಎಂದು ಹಿಂದಿಯಲ್ಲಿಯೂ ಅವರು ಹೇಳಿಕೊಳ್ಳುವ ದೂರು ಒಂದೇ. ಆದರೆ ದೂರು ಒಂದೇ ಆದ ಮಾತ್ರಕ್ಕೆ ರೋಗವೂ ಒಂದೇ ಎಂದು ಭಾವಿಸಬಾರದು. ಇಸಬು, ಬೂಷ್ಟು, ಅಲರ್ಜಿ ಎಂಬ ಮೂರು ಬೇರೆ ಬೇರೆ ಕಾರಣಗಳು ಒಂದೇ ತೆರನಾದ ತುರಿಕೆಯನ್ನು ಉಂಟುಮಾಡುತ್ತವೆ. ಇವುಗಳಲ್ಲಿ ಒಂದಕ್ಕೆ ಹಿತವಾದ ಔಷಧ ಇನ್ನೊಂದಕ್ಕೆ ಗೊಬ್ಬರವಾಗಬಲ್ಲದು. ಸಮಸ್ಯೆಯ ಕೀಲಿರುವುದು ಇಲ್ಲಿಯೇ.

ವಿಷಯ ಸ್ಪಷ್ಟವಾಗಲು ಒಬ್ಬ ಗೃಹಸ್ಥರನ್ನು ಊಹಿಸಿಕೊಳ್ಳೋಣ. ಅವರು ಧಾರವಾಡದ ಕಡೆಯವರು, ನೌಕರಿಯ ನಿಮಿತ್ತ ಬಂದು ಇಪ್ಪತ್ತು ವರ್ಷಗಳಿಂದ ನಾಗಪುರದಲ್ಲಿ ನೆಲೆಸಿದವರು, ವಯಸ್ಸು ನಲವತ್ತೆಂಟು. ಹೆಸರು ಬೇಡ, ಏಕೆಂದರೆ ಇಂಥವರು ಪ್ರತಿಯೊಂದು ಬಡಾವಣೆಯಲ್ಲಿಯೂ ಇದ್ದಾರೆ. ಇವರಿಗೆ ತಲೆಯಲ್ಲಿ ಹೊಟ್ಟು ಮೊದಲಿನಿಂದಲೂ ಇತ್ತು. ಜನವರಿಯ ಒಣಚಳಿಯಲ್ಲಿ ಎರಡೂ ಕಿವಿಗಳ ಬಾಯಿಯಲ್ಲಿ ತುರಿಕೆ ಆರಂಭವಾಯಿತು. ಸ್ಕೂಟರಿನ ಕೀಲಿಕೈ, ಬೆಂಕಿಕಡ್ಡಿ, ಕೆಲವೊಮ್ಮೆ ಮಡದಿಯ ಹೇರ್‌ಪಿನ್ನು, ಹೀಗೆ ಕೈಗೆ ಸಿಕ್ಕುದೆಲ್ಲ ಕಿವಿಯೊಳಗೆ ಹೋಗತೊಡಗಿತು. ಬೇಸಗೆಯಲ್ಲಿ ಊರಿನಿಂದ ಬಂದ ತಾಯಿ ಮಗನ ಅವಸ್ಥೆ ಕಂಡು, “ನಾಲ್ಕು ಹನಿ ಎಣ್ಣಿ ಕಾಸಿ ಬಿಟ್ಟುಕೋಪಾ, ಆರಾಮಾಗತದ” ಎಂದರು. ಎಣ್ಣೆಯೂ ಆಯಿತು. ಜೂನ್ ಕೊನೆಯಲ್ಲಿ ಬಲಗಿವಿಯೊಳಗೆ ಗೀರಿ ಗಾಯವಾಗಿ ನೋವು ಕಾಣಿಸಿಕೊಂಡಿತು. ಮೂಲೆಯ ಮೆಡಿಕಲ್ ಸ್ಟೋರಿನವನು ಚೀಟಿ ಕೇಳದೆಯೇ ಒಂದು ಪುಟ್ಟ ಬಾಟಲಿ ಕೊಟ್ಟನು. ಅದರಲ್ಲಿ ನಿಯೋಮೈಸಿನ್ ಎಂಬ ಪ್ರತಿಜೀವಕವೂ ಸ್ಟೀರಾಯ್ಡ್ ಔಷಧವೂ ಕೂಡಿದ್ದವು.

ಮೂರೇ ದಿನಗಳಲ್ಲಿ ಸ್ವರ್ಗಸುಖ! ನೋವು ಹೋಯಿತು, ಜನವರಿಯಿಂದ ಕಾಡುತ್ತಿದ್ದ ತುರಿಕೆಯೂ ಹೋಯಿತು. ಹನಿ ನಿಲ್ಲಿಸಿದ ವಾರದಲ್ಲಿ ತುರಿಕೆ ಮರಳಿತು, ಹನಿಯೂ ಮರಳಿತು. ಹೀಗೆ ಆರು ವಾರ ಸಾಗಿತು. ಆಶ್ಲೇಷಾ ಮಳೆಯ ಹೊತ್ತಿಗೆ ಬಲಗಿವಿಯ ತುರಿಕೆಯ ರೀತಿಯೇ ಬೇರೆಯಾಗಿತ್ತು. ಅದು ಬಾಯಿಯಲ್ಲಿರದೆ ಆಳದಲ್ಲಿತ್ತು. ಕಿವಿ ಗಟ್ಟಿಯಾಗಿ ಮುಚ್ಚಿಕೊಂಡಂತಿತ್ತು. ಬೆಳಿಗ್ಗೆ ದಿಂಬಿನ ಮೇಲೆ ಸಣ್ಣ ಒದ್ದೆಯ ಕಲೆ ಕಾಣುತ್ತಿತ್ತು. ಟೆಲಿಫೋನನ್ನು ಎಡಗಿವಿಗೆ ಹಿಡಿಯುವುದು ರೂಢಿಯಾಯಿತು. ಹನಿಗಳನ್ನು ದಿನಕ್ಕೆ ನಾಲ್ಕು ಸಲಕ್ಕೆ ಏರಿಸಿದರು. ಆಗ ಕಿವಿಯ ಹಾಲೆ, ಅದರ ಕೆಳಗಿನ ಕುತ್ತಿಗೆಯ ಭಾಗ ಕೆಂಪಗಾಗಿ, ನೀರೊಸರಿ, ಅಲ್ಲಿಯೂ ಹೊಸ ತುರಿಕೆ ಹುಟ್ಟಿತು. ಆಗ ಮಾತ್ರ ಅವರು ತಜ್ಞರಲ್ಲಿಗೆ ಹೋದರು.

ಈ ಒಂದು ಕಿವಿಯಲ್ಲಿ ಮೂರು ರೋಗಗಳೂ ಒಂದರ ಮೇಲೊಂದು ಕುಳಿತಿದ್ದವು. ವೈದ್ಯರು ಅವನ್ನು ಹೇಗೆ ಬಿಡಿಸಿದರೆಂಬುದನ್ನು ತಿಳಿಯುವ ಮುನ್ನ ಕಿವಿಯ ಕೊಳವೆಯ ರಚನೆಯನ್ನು ಕೊಂಚ ನೋಡಬೇಕು.

ಕಿವಿಯ ಕೊಳವೆ

ಹೊರಗಿನಿಂದ ಕಿವಿತಮಟೆಯವರೆಗಿನ ಕೊಳವೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರು. ಹೊರಗಿನ ಮೂರನೆಯ ಒಂದು ಭಾಗ ಮೃದ್ವಸ್ಥಿಯದು; ಅಲ್ಲಿ ಕೂದಲುಂಟು, ಗುಗ್ಗೆಯನ್ನು ಸ್ರವಿಸುವ ಗ್ರಂಥಿಗಳುಂಟು. ಒಳಗಿನ ಉಳಿದ ಭಾಗ ಎಲುಬಿನದು. ಅದರ ಮೇಲೆ ಹೊದೆಸಿದ ಚರ್ಮ ಕಾಗದದಷ್ಟು ತೆಳು, ಗ್ರಂಥಿಗಳಿಲ್ಲ, ಗೀರಿದರೆ ತಾಳಿಕೊಳ್ಳುವ ಶಕ್ತಿಯೂ ಇಲ್ಲ. ಗುಗ್ಗೆಯನ್ನು ಬಹುಜನರು ಕಸವೆಂದೇ ತಿಳಿದಿದ್ದಾರೆ. ಅದು ಜಿಡ್ಡಿನ ಪದಾರ್ಥವಾದುದರಿಂದ ನೀರು ಚರ್ಮದೊಳಕ್ಕೆ ಇಳಿಯದಂತೆ ತಡೆಯುತ್ತದೆ. ಅಲ್ಪ ಆಮ್ಲಗುಣವುಳ್ಳದ್ದಾದುದರಿಂದ ರೋಗಾಣುಗಳೂ ಬೂಷ್ಟೂ ಅಲ್ಲಿ ಸುಲಭವಾಗಿ ಬೇರೂರಲಾರವು.

ಇದಕ್ಕಿಂತಲೂ ಸೋಜಿಗದ ವ್ಯವಸ್ಥೆ ಇನ್ನೊಂದಿದೆ. ತಮಟೆಯ ಮೇಲಿನ ಚರ್ಮದ ಹೊರಪದರ ಉಗುರು ಬೆಳೆಯುವಷ್ಟೇ ನಿಧಾನವಾಗಿ ಒಳಗಿನಿಂದ ಹೊರಕ್ಕೆ ಸರಿಯುತ್ತಿರುತ್ತದೆ. ಹಳೆಯ ಚರ್ಮ, ಧೂಳು, ಗುಗ್ಗೆ ಎಲ್ಲವೂ ಆ ಚಲಿಸುವ ಜಮಖಾನದ ಮೇಲೆ ಕುಳಿತು ಬಾಗಿಲಿಗೆ ಬರುತ್ತವೆ. ಕೀಲಿಕೈಯಾಗಲಿ ಹತ್ತಿಕಡ್ಡಿಯಾಗಲಿ ಮಾಡುವ ಕೆಲಸ ಇದಕ್ಕೆ ತದ್ವಿರುದ್ಧ: ಗುಗ್ಗೆಯನ್ನು ಒರಸಿ ಕಾವಲು ತೆಗೆಯುವುದು, ಉಳಿದುದನ್ನು ಒಳಕ್ಕೆ ದೂಡುವುದು, ತೆಳುಚರ್ಮವನ್ನು ಗೀರುವುದು. ಸಂತೆಗಳಲ್ಲಿಯೂ ರೈಲು ನಿಲ್ದಾಣಗಳ ಬಳಿಯಲ್ಲಿಯೂ ಸಲಾಕೆ ಹಿಡಿದು ಕೂಡುವ ಕಿವಿ ಶುದ್ಧಿಯ ಕಸುಬಿನವರು ತೆಗೆದು ತೋರಿಸುವ ಗುಗ್ಗೆ ಬಹುಪಾಲು ತಾನಾಗಿಯೇ ಹೊರಬರಲಿದ್ದುದು. ಅಂದಹಾಗೆ, ಕಿವಿಯಲ್ಲಿ ಕಡ್ಡಿಯಾಡಿಸುವಾಗ ಕೆಲವರಿಗೆ ಒಣಕೆಮ್ಮು ಬರುವುದುಂಟು. ಕೊಳವೆಯ ಚರ್ಮಕ್ಕೆ ಬರುವ ಒಂದು ನರ, ಗಂಟಲು-ಎದೆಗಳಿಗೆ ಹೋಗುವ ದೊಡ್ಡ ನರದ ಕವಲಾಗಿರುವುದೇ ಇದಕ್ಕೆ ಕಾರಣ. ಈ ಕೆಮ್ಮಿಗೆ ಕಫದ ಔಷಧ ಕುಡಿಯುವ ಅಗತ್ಯವಿಲ್ಲ.

ಪ್ರಶ್ನೆಗಳಿಂದ ಆರಂಭ

ನುರಿತ ವೈದ್ಯರು ದೀಪ ಹಚ್ಚಿ ಕಿವಿಯೊಳಗೆ ಇಣುಕುವ ಮೊದಲು ಪ್ರಶ್ನೆ ಕೇಳುತ್ತಾರೆ. ಅರ್ಧ ನಿದಾನ ಅಲ್ಲಿಯೇ ಆಗಿಹೋಗುತ್ತದೆ. ತುರಿಕೆ ಒಂದೇ ಕಿವಿಯಲ್ಲೋ ಎರಡರಲ್ಲೋ? ಇಸಬು ಚರ್ಮದ ಸ್ವಭಾವಕ್ಕೆ ಸಂಬಂಧಿಸಿದ್ದಾದುದರಿಂದ ಸಾಮಾನ್ಯವಾಗಿ ಎರಡೂ ಕಿವಿಗಳಲ್ಲಿರುತ್ತದೆ. ಬೂಷ್ಟು ಬೇರೂರುವುದು ಬಹುಮಟ್ಟಿಗೆ ಒಂದೇ ಕಿವಿಯಲ್ಲಿ. ಯಾವ ಕಾಲದಲ್ಲಿ ಹೆಚ್ಚು? ಡಿಸೆಂಬರ್-ಜನವರಿಯ ಒಣಹವೆಯಲ್ಲಾದರೆ ಇಸಬಿನ ಸಂಶಯ. ಮಳೆಗಾಲದಲ್ಲಿ, ಇಲ್ಲವೆ ಈಜು ಕಲಿಯುವ ಹುಮ್ಮಸ್ಸಿನ ದಿನಗಳಲ್ಲಿ ಆದರೆ ಬೂಷ್ಟಿನ ಸಂಶಯ. ನಾಗಪುರದ ಪಂಚಾಂಗದಲ್ಲಿ ಇವೆರಡೂ ಸ್ಪಷ್ಟವಾಗಿ ಬೇರೆಯಾಗಿರುವುದು ಇಲ್ಲಿಯ ವೈದ್ಯರಿಗೆ ಒಂದು ಅನುಕೂಲ. ಬೇಸಗೆಯಲ್ಲಿ ಹಗಲಿರುಳು ನೀರು ತೊಟ್ಟಿಕ್ಕುವ ಕೂಲರುಗಳು ಕೋಣೆಯೊಳಗೆ ಪುಟ್ಟದೊಂದು ಮಳೆಗಾಲವನ್ನೇ ನಿರ್ಮಿಸುತ್ತವೆ ಎಂಬುದನ್ನೂ ಅವರು ಮರೆಯುವುದಿಲ್ಲ.

ಮೂರನೆಯ ಪ್ರಶ್ನೆಯೇ ಎಲ್ಲಕ್ಕೂ ಮುಖ್ಯವಾದುದು: ಕಿವಿಯೊಳಗೆ ಇದುವರೆಗೆ ಏನೇನು ಹಾಕಿದಿರಿ? ಇದಕ್ಕೆ ಉತ್ತರ ಹೇಳಲು ಜನ ನಾಚುತ್ತಾರೆ. ಎಣ್ಣೆ, ಬೆಳ್ಳುಳ್ಳಿಯ ರಸ, ನೆರೆಯವರು ಕೊಟ್ಟ ಹನಿ, ಇವೆಲ್ಲವನ್ನೂ ಮರೆಮಾಚಿ “ಏನೂ ಇಲ್ಲ” ಎಂದುಬಿಡುತ್ತಾರೆ. ಜಮಾ ಕಲಮುಗಳನ್ನು ತೋರಿಸದೆ ಖರ್ಚಿನ ಕಲಮುಗಳನ್ನು ಮಾತ್ರ ಮುಂದಿಟ್ಟರೆ ಯಾವ ಲೆಕ್ಕಿಗನೂ ತಾಳೆ ನೋಡಲಾರ. ನಮ್ಮ ಗೃಹಸ್ಥರು ಮಾಡಿದ ಒಳ್ಳೆಯ ಕೆಲಸವೆಂದರೆ ಬಾಟಲಿಯನ್ನೇ ಜೇಬಿನಲ್ಲಿಟ್ಟುಕೊಂಡು ಹೋದುದು.

ಜೊತೆಗೆ ಮೂಗಿನ ವಿಚಾರ. ಸೀನು, ಮೂಗಿನಲ್ಲಿ ನೀರು, ಕಣ್ಣುರಿ, ಅಂಗುಳ ಕೆರೆತ ಇವುಗಳೊಂದಿಗೆ ಕಿವಿಯ ಆಳದಲ್ಲಿ ತುರಿಸಿದಂತಾದರೆ ರೋಗ ಕಿವಿಯ ಕೊಳವೆಯಲ್ಲಿ ಇಲ್ಲವೇ ಇಲ್ಲ. ಅದು ಮೂಗಿನ ಅಲರ್ಜಿ. ಮೂಗಿನ ಹಿಂಭಾಗದಿಂದ ನಡುಕಿವಿಗೆ ಒಂದು ನಳಿಕೆಯಿದ್ದು, ಅಲ್ಲಿಯ ಕಿರಿಕಿರಿ ಕಿವಿಯ ತುರಿಕೆಯಾಗಿ ಭಾಸವಾಗುತ್ತದೆ. ಇಂಥವರ ಕೊಳವೆಯನ್ನು ಪರೀಕ್ಷಿಸಿದರೆ ಚರ್ಮ ನಿರ್ಮಲವಾಗಿರುತ್ತದೆ. ಇವರಿಗೆ ಕಿವಿಯ ಹನಿ ವ್ಯರ್ಥ, ಮೂಗಿಗೆ ಚಿಕಿತ್ಸೆಯಾಗಬೇಕು.

ನೋವಿನ ಪ್ರಶ್ನೆ ಕೊನೆಯದು. ಕಿವಿಯ ಮುಂದಿನ ಚಿಕ್ಕ ಮೃದ್ವಸ್ಥಿಯ ಗುಬುಟನ್ನು ವೈದ್ಯರು ಬೆರಳಿನಿಂದ ಒತ್ತಿ, ಕಿವಿಯನ್ನು ಹಿಂದಕ್ಕೆಳೆದು ನೋಡುತ್ತಾರೆ. ಚುರುಕಾದ ನೋವು ಬಂದರೆ ತುರಿಕೆಯ ಹಂತ ದಾಟಿ ರೋಗಾಣುಗಳ ಸೋಂಕು ತಗಲಿದೆಯೆಂದು ಅರ್ಥ. ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದುವರಿಯುವಂತಿಲ್ಲ. ಸಕ್ಕರೆ ಕಾಯಿಲೆಯುಳ್ಳ ಹಿರಿಯರಿಗೆ ಕಿವಿ ಸೋರುತ್ತ, ನಿದ್ದೆಗೆಡಿಸುವ ನೋವು ರಾತ್ರಿ ಹೆಚ್ಚುತ್ತಿದ್ದರೆ, ಅಥವಾ ಮುಖದ ಒಂದು ಪಕ್ಕ ವಾಲಿದಂತೆ ಕಂಡರೆ, ಸೋಂಕು ತಲೆಬುರುಡೆಯ ಎಲುಬಿಗೆ ಇಳಿದಿರುವ ಭಯವುಂಟು. ಅಂಥವರು ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು.

ಕಣ್ಣಿಗೆ ಕಾಣುವುದು

ಆಮೇಲೆ ಪರೀಕ್ಷೆ. ಇದೂ ಕೊಳವೆಯಿಂದ ಆರಂಭವಾಗುವುದಿಲ್ಲ. ವೈದ್ಯರು ನಮ್ಮ ಗೃಹಸ್ಥರ ತಲೆಗೂದಲನ್ನು ಬಿಡಿಸಿ ನೋಡಿದರು. ಹುಬ್ಬುಗಳನ್ನೂ ಮೂಗಿನ ಇಕ್ಕೆಲಗಳ ಮಡಿಕೆಗಳನ್ನೂ ನೋಡಿದರು. ಕಿವಿಯ ಹಿಂದಿನ ಸಂದನ್ನು ನೋಡಿದರು. ಎಲ್ಲೆಡೆ ಹಳದಿ ಮಿಶ್ರಿತ ಜಿಡ್ಡಿನ ಹೊಟ್ಟು, ಅದರ ಕೆಳಗೆ ಮಂದವಾದ ಕೆಂಪು. ಇದು ಸೆಬೊರಿಕ್ ಡರ್ಮಟೈಟಿಸ್ ಎಂಬ ಬಗೆಯ ಇಸಬಿನ ಗುರುತು. ತಲೆಯ ಹೊಟ್ಟೂ ಕಿವಿಯ ಹೊಟ್ಟೂ ಒಂದೇ ಕುಟುಂಬದವು ಎಂಬುದು ರೋಗಿಗೆ ತಿಳಿದಿರಲಿಲ್ಲ. ಹೊಟ್ಟು ದಪ್ಪನಾಗಿ ಬೆಳ್ಳಿಯ ಬಣ್ಣದಲ್ಲಿದ್ದು ಮೊಣಕೈ, ಮೊಣಕಾಲುಗಳಲ್ಲಿಯೂ ಕಂಡಿದ್ದರೆ ಸೋರಿಯಾಸಿಸ್ ಎಂದು ಯೋಚಿಸಬೇಕಾಗುತ್ತಿತ್ತು.

ಎಡಗಿವಿಯ ಕೊಳವೆಯಲ್ಲಿ ಕಂಡುದು ಇದೇ ಚಿತ್ರ: ಒಣಚರ್ಮ, ಸಣ್ಣ ಸಣ್ಣ ಹೊಟ್ಟಿನ ತುಣುಕುಗಳು. ಗುಗ್ಗೆಯ ಸುಳಿವೇ ಇಲ್ಲ. ಕೀಲಿಕೈ ತನ್ನ ಕೆಲಸ ಪೂರೈಸಿತ್ತು.

ಬಲಗಿವಿಯ ನೋಟವೇ ಬೇರೆ. ಬೂದುಬಣ್ಣದ ಒದ್ದೆ ಮುದ್ದೆಯೊಂದು ಕೊಳವೆಯ ಒಳಭಾಗವನ್ನು ತುಂಬಿತ್ತು. ಅದರ ಮೇಲೆ ಅಲ್ಲಲ್ಲಿ ಕರಿಯ ಚುಕ್ಕೆಗಳು. ಒದ್ದೆಯಾದ ವೃತ್ತಪತ್ರಿಕೆಯ ಹಾಗೆ ಕಾಣುತ್ತದೆಂದು ವೈದ್ಯಕೀಯ ಪಠ್ಯಪುಸ್ತಕಗಳು ಇದನ್ನು ವರ್ಣಿಸುತ್ತವೆ. ಹಳೆಯ ಆಫೀಸುಗಳಲ್ಲಿ ಮಸಿ ಹೀರಿದ ಬ್ಲಾಟಿಂಗ್ ಪೇಪರನ್ನು ಕಂಡವರಿಗೆ ಆ ಹೋಲಿಕೆಯೂ ಒಪ್ಪುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಚುಕ್ಕೆಗಳು ಗುಂಡುಸೂಜಿಯ ತಲೆಗಳಂತೆ ಎಳೆಗಳ ತುದಿಯಲ್ಲಿ ನಿಂತಿರುತ್ತವೆ. ಇದು ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟು, ಹಳಸಿದ ರೊಟ್ಟಿಯ ಮೇಲೆಯೂ ಕೊಳೆತ ಈರುಳ್ಳಿಯ ಮೇಲೆಯೂ ಕಾಣುವ ಕರಿಬೂಷ್ಟಿನದೇ ಜಾತಿ. ಕಿವಿಯಲ್ಲಿ ಬೆಳೆಯುವ ಇನ್ನೊಂದು ಬಗೆ ಕ್ಯಾಂಡಿಡ. ಅದು ಕೆನೆಮೊಸರಿನಂತೆ ಬೆಳ್ಳಗಿರುತ್ತದೆ, ಕರಿಯ ಚುಕ್ಕೆಗಳಿರುವುದಿಲ್ಲ.

ವೈದ್ಯರು “ಬುರಶಿ” ಎಂದರು. ಬೂಷ್ಟಿಗೆ ಮರಾಠಿಯಲ್ಲಿ ಅದೇ ಶಬ್ದ. “ಕಪ್ಪಗಿದೆ” ಎಂದು ಕೇಳುತ್ತಲೇ ಮಡದಿಯ ಮುಖ ಬಿಳುಚಿತು. ಅದಕ್ಕೆ ಕಾರಣವಿಲ್ಲದಿಲ್ಲ. 2021ರಲ್ಲಿ ಕೋವಿಡ್ಡಿನ ಎರಡನೆಯ ಅಲೆಯ ಬೆನ್ನಿಗೇ ನಾಗಪುರವೂ ಸೇರಿದಂತೆ ವಿದರ್ಭದ ಅನೇಕ ಮನೆಗಳು ಕಪ್ಪು ಫಂಗಸ್ಸಿನ ಹಾವಳಿಯನ್ನು ಕಂಡಿದ್ದವು. ಕಣ್ಣನ್ನೂ ದವಡೆಯನ್ನೂ ಕಳೆದುಕೊಂಡವರಿದ್ದರು. ಆದರೆ ಅದು ಮ್ಯೂಕರ್ ವರ್ಗದ್ದು. ಮೂಗಿನ ಸುತ್ತಲಿನ ಎಲುಬಿನ ಗೂಡುಗಳಿಂದ ಹೊರಟು ರಕ್ತನಾಳಗಳನ್ನು ಕೊರೆದು ಸಾಗುವಂಥದು. ಅಲ್ಲಿ ಕಪ್ಪಾಗುವುದು ಸತ್ತ ಮಾಂಸ. ಕಿವಿಯ ಕರಿಬೂಷ್ಟಿನಲ್ಲಿ ಕಪ್ಪಾಗಿರುವುದು ಬೂಷ್ಟಿನ ಬೀಜಕಣಗಳು. ಆರೋಗ್ಯವಂತರಲ್ಲಿ ಅದು ಚರ್ಮದ ಮೇಲೆಯೇ ಉಳಿಯುತ್ತದೆ. ಬಣ್ಣವೊಂದನ್ನು ಬಿಟ್ಟರೆ ಇವೆರಡಕ್ಕೂ ಹೋಲಿಕೆಯಿಲ್ಲ.

ಕಣ್ಣಿಗೆ ಕಂಡರೂ ಪ್ರಮಾಣ ಬೇಕು. ಮುದ್ದೆಯ ಒಂದು ಚೂರನ್ನು ಗಾಜಿನ ಪಟ್ಟಿಯ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಹನಿ ಹಾಕುತ್ತಾರೆ. ಆ ಕ್ಷಾರವು ಚರ್ಮದ ಕಣಗಳನ್ನು ಕರಗಿಸಿಬಿಡುತ್ತದೆ. ಬೂಷ್ಟಿನ ಎಳೆಗಳ ಗೋಡೆ ಗಟ್ಟಿಯಾದುದರಿಂದ ಅವು ಉಳಿಯುತ್ತವೆ. ಸ್ವಲ್ಪ ಹೊತ್ತಿನ ಬಳಿಕ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕವಲೊಡೆದ ಎಳೆಗಳು ಸ್ಪಷ್ಟ. ಹೆಚ್ಚು ವೆಚ್ಚವಿಲ್ಲದ ಈ ಪರೀಕ್ಷೆಯ ಉತ್ತರ ಅದೇ ದಿನ ದೊರೆಯುತ್ತದೆ. ಯಾವ ಜಾತಿಯೆಂದು ನಿಶ್ಚಯಿಸಲು ಪ್ರಯೋಗಶಾಲೆಯಲ್ಲಿ ಬೆಳೆಸಿ ನೋಡುವುದುಂಟು; ಅದಕ್ಕೆ ಕೆಲವು ದಿನ ಹಿಡಿಯುತ್ತದೆ, ಎಲ್ಲರಿಗೂ ಅಗತ್ಯವಿಲ್ಲ. ಬೆಳೆಸಿದಾಗ ಬೂಷ್ಟು ಬಂದ ಮಾತ್ರಕ್ಕೆ ಅದೇ ತುರಿಕೆಯ ಕಾರಣ ಎನ್ನುವಂತೆಯೂ ಇಲ್ಲ; ಆರೋಗ್ಯವಂತ ಕಿವಿಯಲ್ಲಿಯೂ ಅದರ ಬೀಜಕಣಗಳು ಇರಬಲ್ಲವು. ಕಿವಿಯೊಳಗಿನ ನೋಟ, ಸೂಕ್ಷ್ಮದರ್ಶಕದ ಎಳೆ, ರೋಗಿಯ ಕಥೆ ಈ ಮೂರೂ ಹೊಂದಿದಾಗಲೇ ನಿದಾನ ಪಕ್ಕಾ.

ಹನಿ ಹರಿದ ದಾರಿ

ಮೂರನೆಯ ರೋಗವನ್ನು ಹಿಡಿದುಕೊಟ್ಟುದು ಯಾವ ಯಂತ್ರವೂ ಅಲ್ಲ, ಕೆಂಪು ಕಲೆಯ ಆಕಾರ. ಕೊಳವೆಯ ಬಾಯಿಯಿಂದ ಹೊರಟ ಆ ಕೆಂಪು ಕಿವಿಯ ಬಟ್ಟಲಿನಲ್ಲಿ ಇಳಿದು, ಹಾಲೆಯನ್ನು ಬಳಸಿ, ಕುತ್ತಿಗೆಯ ಮೇಲೆ ಬೆರಳಗಲದ ಪಟ್ಟಿಯಾಗಿ ಹರಿದಿತ್ತು. ಔಷಧದ ಹನಿ ಕಿವಿಯಿಂದ ತುಳುಕಿದಾಗ ಹರಿಯುವ ದಾರಿಯೂ ಅದೇ ಅಲ್ಲವೇ? ಇಸಬಿಗೆ ಹೀಗೆ ಪಟ್ಟಿ ಎಳೆಯಲು ಬರುವುದಿಲ್ಲ. ಬೂಷ್ಟು ಒಣಗಿದ ಹೊರಚರ್ಮದ ಮೇಲೆ ಇಳಿಯುವುದಿಲ್ಲ. ಹೊರಗಿನಿಂದ ತಗಲಿದ ವಸ್ತುವಿನ ಅಲರ್ಜಿ ಮಾತ್ರ ತಗಲಿದಲ್ಲಿ ತನ್ನ ಸಹಿ ಹಾಕುತ್ತದೆ.

ಆದುದರಿಂದಲೇ ಅಲರ್ಜಿಯ ಶೋಧದಲ್ಲಿ ವೈದ್ಯರು ಕಲೆಯ ಭೂಗೋಳವನ್ನು ಓದುತ್ತಾರೆ. ಹಾಲೆಯ ತೂತಿನ ಸುತ್ತಲಷ್ಟೇ ತುರಿಕೆಯಿದ್ದರೆ ಕೃತಕ ಓಲೆಯಲ್ಲಿರುವ ನಿಕ್ಕಲ್ ಲೋಹ. ಕಿವಿಯ ಮೇಲಂಚು ಮತ್ತು ಹಿಂಭಾಗವಾದರೆ ಕನ್ನಡಕದ ಕಡ್ಡಿ, ಇಲ್ಲವೆ ಕೂದಲಿಗೆ ಹಚ್ಚುವ ಕಪ್ಪು ಬಣ್ಣ. ಕೊಳವೆಯ ಬಾಯಿ ಮತ್ತು ಬಟ್ಟಲಾದರೆ ಶ್ರವಣಯಂತ್ರದ ಅಚ್ಚು ಅಥವಾ ಇಂದಿನ ಮಕ್ಕಳು ಸದಾ ಸಿಕ್ಕಿಸಿಕೊಂಡಿರುವ ಇಯರ್‌ಫೋನು. ಕಿವಿಯ ಹಿಂದೆ, ಕಣ್ಣಿನ ರೆಪ್ಪೆ, ಕುತ್ತಿಗೆ, ತೋಳಿನ ಮಡಿಕೆ ಹೀಗೆ ತೆರೆದ ಅಂಗಗಳಲ್ಲೆಲ್ಲ ಒಟ್ಟಿಗೆ ಬಂದರೆ ಪಾರ್ಥೇನಿಯಮ್ಮನ್ನು ನೆನೆಯಬೇಕು. ನಮ್ಮ ಕಡೆ ಕಾಂಗ್ರೆಸ್ ಗಿಡವೆಂದೂ ಇಲ್ಲಿ ಗಾಜರ್ ಗವತ್ ಎಂದೂ ಕರೆಯಿಸಿಕೊಳ್ಳುವ, 1955ರ ಸುಮಾರಿಗೆ ಪುಣೆಯಲ್ಲಿ ಮೊದಲು ಗುರುತಿಸಲ್ಪಟ್ಟ ಈ ಕಳೆ, ಮಳೆಗಾಲದಲ್ಲಿ ಖಾಲಿ ನಿವೇಶನಗಳನ್ನೆಲ್ಲ ಬಿಳಿ ಹೂವಿನಿಂದ ತುಂಬಿಬಿಡುತ್ತದೆ. ಅದರ ಒಣಪುಡಿ ಗಾಳಿಯಲ್ಲಿ ತೇಲಿ ಚರ್ಮಕ್ಕೆ ತಗಲುತ್ತದೆ.

ನಮ್ಮ ಗೃಹಸ್ಥರ ಬಾಟಲಿಯಲ್ಲಿ ಸಂಶಯಕ್ಕೆ ಪಾತ್ರವಾದುದು ನಿಯೋಮೈಸಿನ್. 1949ರಲ್ಲಿ ಅಮೆರಿಕದಲ್ಲಿ ಶೋಧಿಸಲ್ಪಟ್ಟ ಈ ಪ್ರತಿಜೀವಕ ಅಗ್ಗ ಹಾಗೂ ಉಪಯುಕ್ತ. ಆದರೆ ಚರ್ಮಕ್ಕೆ ಬಹುಕಾಲ ಹಚ್ಚಿದರೆ ಅನೇಕರಲ್ಲಿ ಅಲರ್ಜಿ ಹುಟ್ಟಿಸುವುದರಲ್ಲಿ ಪ್ರಸಿದ್ಧ. ಅಮೆರಿಕದ ಸ್ಪರ್ಶಜನ್ಯ ಚರ್ಮರೋಗ ತಜ್ಞರ ಸಂಘ 2010ರಲ್ಲಿ ಇದನ್ನೇ ‘ವರ್ಷದ ಅಲರ್ಜಿಕಾರಕ’ವೆಂದು ಸಾರಿತ್ತು. ಬಿರುದುಗಳಲ್ಲಿ ಇದೂ ಒಂದು! ಇಲ್ಲಿಯ ತೊಡಕೇನೆಂದರೆ, ಅದೇ ಬಾಟಲಿಯಲ್ಲಿರುವ ಸ್ಟೀರಾಯ್ಡ್ ಅಲರ್ಜಿಯ ಕೆಂಪನ್ನು ಅದುಮಿಡುತ್ತದೆ. ಆದ್ದರಿಂದ ಅಲರ್ಜಿ ಕೂಡಲೇ ಹೊರಬೀಳದೆ, “ಔಷಧ ಸಾಲದು, ಇನ್ನಷ್ಟು ಬೇಕು” ಎಂಬ ಭ್ರಮೆ ರೋಗಿಗೆ ಬರುತ್ತದೆ.

ಈಗ ಆರು ವಾರಗಳ ಕಥೆಯನ್ನು ಮರಳಿ ಓದಿದರೆ ಎಲ್ಲವೂ ತಾಳೆಯಾಗುತ್ತದೆ. ಮೊದಲ ಮೂರು ದಿನ ಸುಖ ಕೊಟ್ಟುದು ಸ್ಟೀರಾಯ್ಡ್; ಅದು ಇಸಬಿನ ತುರಿಕೆಯನ್ನು ನಿಜವಾಗಿಯೂ ಶಮನಗೊಳಿಸಿತು. ಪ್ರತಿಜೀವಕವು ಗೀರುಗಾಯದ ರೋಗಾಣುಗಳನ್ನು ಕೊಂದಿತು. ಜೊತೆಗೆ, ಬೂಷ್ಟನ್ನು ಹದ್ದಿನಲ್ಲಿಡುತ್ತಿದ್ದ ನಿರುಪದ್ರವಿ ಜೀವಾಣುಗಳನ್ನೂ ಕೊಂದಿತು. ಸ್ಟೀರಾಯ್ಡ್ ಚರ್ಮದ ಪ್ರತಿರೋಧವನ್ನು ತಗ್ಗಿಸಿತು. ಗುಗ್ಗೆಯ ಕಾವಲು ಮೊದಲೇ ಇರಲಿಲ್ಲ. ಮೇಲೆ ನಾಗಪುರದ ಮಳೆಗಾಲ. ಹೊಲ ಹಸನಾಯಿತು, ಬೂಷ್ಟು ಬೆಳೆಯಿತು.

ಬಿಡಿಸಿದ ಕ್ರಮ

ಮೂರು ರೋಗಗಳಿಗೂ ಒಟ್ಟಿಗೆ ಔಷಧ ಕೊಟ್ಟರಾಗದೇ ಎಂದು ಕೇಳಬಹುದು. ಪೇಟೆಯಲ್ಲಿ ಬೂಷ್ಟುನಾಶಕ, ಪ್ರತಿಜೀವಕ, ಸ್ಟೀರಾಯ್ಡ್, ಮರಗಟ್ಟಿಸುವ ಔಷಧ ನಾಲ್ಕನ್ನೂ ಒಂದೇ ಬಾಟಲಿಯಲ್ಲಿ ತುಂಬಿದ ಹನಿಗಳೂ ದೊರೆಯುತ್ತವೆ. ಅವುಗಳಿಂದ ಕೆಲವರಿಗೆ ಗುಣವೂ ಆಗುತ್ತದೆ. ಆದರೆ ಯಾವುದರಿಂದ ಗುಣವಾಯಿತೆಂದು ತಿಳಿಯದೆ ಹೋಗುವುದರಿಂದ, ತುರಿಕೆ ಮರಳಿದಾಗ ವೈದ್ಯರೂ ರೋಗಿಯೂ ಹೊರಟಲ್ಲಿಗೇ ಬಂದು ನಿಲ್ಲಬೇಕಾಗುತ್ತದೆ. ಈ ವೈದ್ಯರು ಒಂದೊಂದನ್ನೇ ಎತ್ತಿಕೊಂಡರು.

ಮೊದಲ ದಿನ ಹಳೆಯ ಹನಿ ಸಂಪೂರ್ಣ ಬಂದ್. ಸಣ್ಣ ಹೀರುನಳಿಕೆಯಿಂದ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಬೂಷ್ಟಿನ ಮುದ್ದೆಯನ್ನು ತೆಗೆದರು. ಬೂಷ್ಟಿನ ಚಿಕಿತ್ಸೆಯಲ್ಲಿ ಅರ್ಧ ಕೆಲಸ ಇದುವೇ; ಮುದ್ದೆಯಿರುವವರೆಗೆ ಔಷಧ ಚರ್ಮವನ್ನು ಮುಟ್ಟುವುದೇ ಇಲ್ಲ. ನೀರಿನ ಪಿಚಕಾರಿಯಿಂದ ತೊಳೆಯಲಿಲ್ಲ, ಏಕೆಂದರೆ ಒದ್ದೆಯೇ ಬೂಷ್ಟಿನ ಮಿತ್ರ. ಮುದ್ದೆ ಹೋದ ಮೇಲೆ ಮೊದಲ ಬಾರಿಗೆ ತಮಟೆ ಕಣ್ಣಿಗೆ ಬಿತ್ತು. ಅದು ಅಖಂಡವಾಗಿತ್ತು. ತೂತಿದ್ದಲ್ಲಿ ಹಲವು ಹನಿಗಳನ್ನು ಬಳಸುವಂತೆಯೇ ಇಲ್ಲ. ನಿಯೋಮೈಸಿನ್ ಒಳಗಿವಿಗೆ ಇಳಿದರೆ ಶ್ರವಣಶಕ್ತಿಗೇ ಧಕ್ಕೆ ತರಬಲ್ಲದು. ತಮಟೆಯನ್ನು ನೋಡದೆ ಅಂಗಡಿಯವನು ಹನಿ ಕೊಡುವುದರಲ್ಲಿರುವ ನಿಜವಾದ ಅಪಾಯ ಇದು.

ಆ ಬಳಿಕ ಕ್ಲೋಟ್ರಿಮಜೋಲ್ ಎಂಬ ಬೂಷ್ಟುನಾಶಕದ ಶೇಕಡಾ 1ರ ಹನಿ, ಬೇರೇನೂ ಬೆರೆಸದುದು, ದಿನಕ್ಕೆ ಮೂರು ಸಲ. ಹಾಲೆ-ಕುತ್ತಿಗೆಗಳ ಹೊರಚರ್ಮಕ್ಕೆ ಮಾತ್ರ ಐದು ದಿನ ಸೌಮ್ಯವಾದ ಸ್ಟೀರಾಯ್ಡ್ ಮುಲಾಮು. ಸ್ನಾನಕ್ಕೆ ಮುನ್ನ ವ್ಯಾಸಲಿನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗಿಟ್ಟು, ಸ್ನಾನವಾದೊಡನೆ ತೆಗೆಯುವುದು. ವಾರದ ಬಳಿಕ ಮತ್ತೊಮ್ಮೆ ಶುದ್ಧಿ. ಆಗ ಸಿಕ್ಕಿದುದು ಚೂರುಪಾರು ಮಾತ್ರ. ತುರಿಕೆ ನಾಲ್ಕನೆಯ ದಿನವೇ ನಿಂತಿದ್ದರೂ ಹನಿಯನ್ನು ಮೂರು ವಾರ ಮುಂದುವರಿಸಿದರು. ತುರಿಕೆ ನಿಂತ ದಿನವೇ ಔಷಧ ನಿಲ್ಲಿಸಿದವರಿಗೆ ಬೂಷ್ಟು ಮರುಕಳಿಸುವುದು ತೀರ ಸಾಮಾನ್ಯ.

ಬೂಷ್ಟು ಹೋದ ಮೇಲೆ ಕೆಳಗಿದ್ದ ಇಸಬು ಬಯಲಾಯಿತು. ಈಗ ಬಲಗಿವಿಯೂ ಎಡಗಿವಿಯಂತೆಯೇ ಒಣಗಿ ಹೊಟ್ಟುದುರಿಸುತ್ತಿತ್ತು. ಪ್ರತಿಜೀವಕವಿಲ್ಲದ ಸ್ಟೀರಾಯ್ಡ್ ಹನಿಯನ್ನು ಎರಡೂ ಕಿವಿಗಳಿಗೆ ಹತ್ತು ದಿನ, ಹೆಚ್ಚಿಲ್ಲ. ತಲೆಗೆ ಕೀಟೊಕೊನಜೋಲ್ ಶಾಂಪೂ ವಾರಕ್ಕೆರಡು ಸಲ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವುದು, ಹೀಗೆ ನಾಲ್ಕು ವಾರ. ಕಿವಿಯ ತುರಿಕೆಗೆ ತಲೆಯ ಶಾಂಪೂ ಏಕೆಂದು ಗೃಹಸ್ಥರು ಕೇಳಿದರಂತೆ. ಹೊಟ್ಟಿನ ಮೂಲ ತಲೆಯಲ್ಲಿರುವಾಗ ಕಿವಿಗೆ ಮಾತ್ರ ಮದ್ದು ಹಾಕುವುದು, ಮಾಳಿಗೆ ಸೋರುತ್ತಿರುವಾಗ ನೆಲ ಒರಸಿದಂತೆ. ಇಸಬು ಬೇರುಸಹಿತ ಹೋಗುವ ರೋಗವಲ್ಲ. ಮುಂದಿನ ಜನವರಿಯಲ್ಲಿ ಅದು ಮತ್ತೆ ಇಣುಕಬಹುದೆಂದು ವೈದ್ಯರು ಮೊದಲೇ ತಿಳಿಸಿದರು.

ಉಳಿದುದು ಅಲರ್ಜಿಯ ಖಚಿತ ಪ್ರಮಾಣ. ಚರ್ಮ ಶಾಂತವಾದ ಮೇಲೆ, ಅಕ್ಟೋಬರಿನಲ್ಲಿ, ಚರ್ಮರೋಗ ತಜ್ಞರಲ್ಲಿ ಪ್ಯಾಚ್ ಪರೀಕ್ಷೆಯಾಯಿತು. ಜರ್ಮನಿಯ ಯಾಡಾಸೋನ್ ಎಂಬ ವೈದ್ಯರು 1895ರಲ್ಲಿ ಮೊದಲು ಪ್ರಸ್ತುತಪಡಿಸಿದ ಈ ವಿಧಾನ ಇಂದಿಗೂ ಮೂಲದಲ್ಲಿ ಬದಲಾಗಿಲ್ಲ. ಸಂಶಯದ ವಸ್ತುಗಳನ್ನು ಸಣ್ಣ ಸಣ್ಣ ಬಿಲ್ಲೆಗಳಲ್ಲಿಟ್ಟು ಬೆನ್ನಿಗೆ ಅಂಟಿಸುತ್ತಾರೆ. ಭಾರತದಲ್ಲಿ ಬಳಸುವ ಸರಣಿಯಲ್ಲಿ ನಿಕ್ಕಲ್, ಕೂದಲ ಬಣ್ಣ, ಸುಗಂಧದ್ರವ್ಯ, ಪಾರ್ಥೇನಿಯಂ, ನಿಯೋಮೈಸಿನ್ ಇವೆಲ್ಲವೂ ಇವೆ. ಎರಡು ದಿನ ಬೆನ್ನಿಗೆ ನೀರು ತಾಗಿಸುವಂತಿಲ್ಲ. 48 ಗಂಟೆಗಳ ಬಳಿಕ ಪಟ್ಟಿ ಕಿತ್ತು ನೋಡಿದಾಗ ಏನೂ ಇರಲಿಲ್ಲ. ನಾಲ್ಕನೆಯ ದಿನ ನಿಯೋಮೈಸಿನ್ನಿನ ಜಾಗದಲ್ಲಿ ಮಸುಕಾದ ಕೆಂಪು. ಸಂಶಯಕ್ಕೆ ಎಡೆಯುಂಟು. ಆದರೆ ನಿಯೋಮೈಸಿನ್ ತಡವಾಗಿ ಉತ್ತರ ಕೊಡುವ ವಸ್ತುವೆಂದು ಬಲ್ಲ ತಜ್ಞರು ಏಳನೆಯ ದಿನ ಮತ್ತೆ ಬರಹೇಳಿದರು. ಅಂದು ಆ ಬಿಲ್ಲೆಯ ಜಾಗ ಉಬ್ಬಿ, ಸಣ್ಣ ಗುಳ್ಳೆಗಳೆದ್ದು, ಸ್ಪಷ್ಟವಾಗಿ ತುರಿಸುತ್ತಿತ್ತು. ಬೇರೆ ಯಾವ ವಸ್ತುವಿಗೂ ಪ್ರತಿಕ್ರಿಯೆಯಿರಲಿಲ್ಲ. ನಾಲ್ಕನೆಯ ದಿನಕ್ಕೇ ಲೆಕ್ಕ ಮುಗಿಸಿದ್ದರೆ ಅಲರ್ಜಿ ನಿಶ್ಚಿತವಾಗಿ ಹೇಳಲಾಗದೆ ಉಳಿಯುತ್ತಿತ್ತು.

ತಜ್ಞರು ಒಂದು ಚೀಟಿ ಬರೆದುಕೊಟ್ಟರು. ಅದರಲ್ಲಿ ನಿಯೋಮೈಸಿನ್ ಎಂಬ ಹೆಸರಿನ ಕೆಳಗೆ ಫ್ರಾಮೈಸಿಟಿನ್, ಜೆಂಟಮೈಸಿನ್ ಎಂಬ ಇನ್ನೆರಡು ಹೆಸರುಗಳಿದ್ದವು. ಇವು ಅದರ ಹತ್ತಿರದ ನೆಂಟರು. ಒಂದು ಒಗ್ಗದವರಿಗೆ ಇನ್ನೊಂದೂ ಅನೇಕ ಸಲ ಒಗ್ಗುವುದಿಲ್ಲ. ಕಿವಿಯ ಹನಿಯಲ್ಲಿ ಮಾತ್ರವಲ್ಲ, ಕಣ್ಣಿನ ಹನಿಯಲ್ಲಿಯೂ, ಸುಟ್ಟಗಾಯಕ್ಕೆ ಹಚ್ಚುವ ಮುಲಾಮಿನಲ್ಲಿಯೂ, ಗಾಯಕ್ಕೆ ಉದುರಿಸುವ ಪುಡಿಯಲ್ಲಿಯೂ ಇವುಗಳಲ್ಲಿ ಒಂದಿರುವ ಸಂಭವವುಂಟು. ಆ ಚೀಟಿ ಈಗ ಗೃಹಸ್ಥರ ಪಾಕೀಟಿನಲ್ಲಿ ರೇಲ್ವೆ ಪಾಸಿನ ಹಿಂದೆ ಇರುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಯಾವ ಮುಲಾಮು ಕೊಂಡರೂ ಅದರ ಹೊದಿಕೆಯ ಮೇಲಿನ ಸಣ್ಣಕ್ಷರಗಳೊಡನೆ ತಾಳೆ ನೋಡಿಯೇ ಹಣ ಕೊಡುತ್ತಾರೆ.